ಬಳುಕಿದ ಕಂಬ

ಗೊರೇಬಾಳದಲ್ಲಿ ಕರೆಂಟಿನ ಕಂಬ ಮೈಮೇಲೆ ಬಿದ್ದು ಮುದುಕ ಹನುಮಂತರಾಯ ಸತ್ತ ಸುದ್ದಿ ಸಿಂಧನೂರಿಗೆ ಬರುವ ಎಷ್ಟೋ ದಿನ ಮೊದಲೇ, ಆ ಕಂಬದ ವಿಡಿಯೋ ಸಿಂಧನೂರಿನಿಂದ ಹೊರಟು ಊರೂರು ಸುತ್ತುತ್ತಿತ್ತು. ಅದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಕಳಿಸಿದವಳು ದಾನೇಶ್ವರಿ.

ಜಿಲಾನಿಸಾಬ್‌ರ ಸ್ಟುಡಿಯೋದಲ್ಲಿ ಎಡಿಟಿಂಗ್ ಅವಳ ಕೆಲಸ. ದಿನಾ ವಳಕಮದಿನ್ನಿಯಿಂದ ಬಸ್ಸಿಗೆ ಬರುತ್ತಿದ್ದಳು. ಅವಳ ಅಪ್ಪ ಅಮರಗುಂಡಪ್ಪ ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಓದುವವನು. ಕಂಬಳಿ ಹಾಸಿ ಕೂತು, ಬೆರಳನ್ನು ಸಾಲಿನ ಕೆಳಗಿಟ್ಟು ಅವನು ರಾಗವೆತ್ತಿದರೆ, ಕಂಬಕ್ಕೊರಗಿ ಕೂತ ಮಗಳು ಮಾತಿಲ್ಲದೆ ಕೇಳುತ್ತಿದ್ದಳು. ಕೇಳುವುದೇ ಅವಳಿಗೆ ಪೂಜೆಯಾಗಿತ್ತು. ಹಾಗಾಗಿ ಮಾತು ಕಮ್ಮಿ. ಜಿಲಾನಿಸಾಬ್‌ರು ನಗುತ್ತಿದ್ದರು: “ನಮ್ಮ ದಾನಮ್ಮ ಕಂಪ್ಯೂಟರ್ ಕೂಡ ಮಾತಾಡ್ತಾಳ, ನಮ್ಮ ಕೂಡ ಮೌನ ಹಿಡದಾಳ.”

ಗೊರೇಬಾಳದ ಆ ಮದುವೆಯ ಮೆರವಣಿಗೆಯನ್ನು ಡ್ರೋನ್‌ನಿಂದ ತೆಗೆದವರು ಜಿಲಾನಿಸಾಬ್‌ರೇ. ಕ್ಯಾಮೆರಾ ತೂಗುಹಾಕುವ ರಬ್ಬರಿನ ಗುಂಡುಗಳು ಹರಿದುಹೋಗಿ, ಫ್ಯಾನಿನ ನಡುಕವೆಲ್ಲ ಚಿತ್ರಕ್ಕೆ ಇಳಿದಿತ್ತು. ಮೇಲೆ ಸುಡುವ ಬಿಸಿಲು. ಚಿತ್ರ ಜಿಲೇಬಿಯ ಹಿಟ್ಟಿನಂತೆ ಜೋಲಾಡುತ್ತಿತ್ತು. ಅಂದು ಬೀಗರು ಫೋನಿನ ಮೇಲೆ ಫೋನು: “ಸಂಜಿಕ ರೀಲ್ ಬೇಕ್ರೀ, ಮದುಮಗಳು ಕಾಯಾಕತ್ಯಾಳ.” ದಾನೇಶ್ವರಿ ಅವಸರ ಮಾಡಿದಳು. ಮೊದಲು ಚಿತ್ರವನ್ನು ಫೋನಿನ ಉದ್ದಕ್ಕೆ ಕತ್ತರಿಸಿದಳು, ಆಮೇಲೆ ನಿಧಾನ ಮಾಡಿದಳು, ಕಟ್ಟಕಡೆಗೆ ನಡುಕ ತೆಗೆಯುವ ಸ್ಟೆಬಿಲೈಜರ್ ಹಾಕಿದಳು. ಹೂವಿನ ಜೀಪಿನಲ್ಲಿ ನಿಂತ ಮದುಮಕ್ಕಳು ಶಿಲೆಯಂತೆ ನಿಂತರು. ಎಲ್ಲರಿಗೂ ಸಂತೋಷ. ಹಿಂದಿದ್ದ ಕಂಬದ ಕಡೆ ಯಾರೂ ನೋಡಲಿಲ್ಲ.

ಕಂಬ ಬಿದ್ದ ಮೇಲೆ ಎಲ್ಲರೂ ಅದನ್ನೇ ನೋಡಿದರು. ರೀಲಿನಲ್ಲಿ ಕಂಬ ಹಾವಿನಂತೆ ಬಳುಕುತ್ತಿತ್ತು. ಅದರ ಬುಡದಲ್ಲೇ, ಹೊಸ ಅಂಗಿ ತೊಟ್ಟು, ಆ ಹಳ್ಳಿಯ ಲೈನ್‌ಮನ್ ಲಕ್ಷ್ಮಣ ನಗುತ್ತ ನಿಂತಿದ್ದ. ಯಾರೋ ಕೆಳಗೆ ಬರೆದರು: ‘ಲೈನ್‌ಮನ್ ಉಣ್ಣಾಕ ಬಂದಾನ, ಕಂಬ ನೋಡಾಕಲ್ಲ.’ ಅಷ್ಟು ಸಾಕಾಯಿತು. ಲಕ್ಷ್ಮಣನನ್ನು ಕೆಲಸದಿಂದ ಅಮಾನತು ಮಾಡಿದರು, ಲಿಂಗಸುಗೂರಿನಲ್ಲಿ ವಿಚಾರಣೆಗೆ ಕರೆದರು.

ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದವಳು ಅವನ ಹೆಂಡತಿ ಯಶೋಧರಾ. ಮಸ್ಕಿಯ ಆಸ್ಪತ್ರೆಯಲ್ಲಿ ನರ್ಸ್. ಬಿಳಿ ಸೀರೆಯಲ್ಲೇ ಬಂದಿದ್ದಳು.

“ನಾ ಲೈನ್‌ಮನ್ನರ ಮನಿಯಾಕಿ. ಈ ವಿಡಿಯೋ ಮಾಡಿದವರು ಯಾರ್ರೀ?”

“ನಾನ್ರೀ ಅಕ್ಕಾರ,” ದಾನೇಶ್ವರಿ ಎದ್ದು ನಿಂತಳು.

“ನಾ ಜಗಳಕ್ಕ ಬಂದಿಲ್ಲವ್ವ. ಒಂದೇ ಮಾತು ಕೇಳಾಕ ಬಂದೀನಿ. ಕಂಬ ಅವತ್ತು ಖರೇನ ಅಲ್ಲಾಡ್ತಿತ್ತೇನು?”

“ನಿಮ್ಮ ಮನಿಯವರು ಏನಂತಾರ್ರೀ?”

ಯಶೋಧರಾ ಕುರ್ಚಿಯ ಅಂಚಿಗೆ ಕೂತಳು. “ಮೊದಲ ಇಲ್ಲ ಅಂತಿದ್ರು. ನೆಟ್ಟಗಿತ್ತು, ನಾ ಅದರ ಬಾಜೂನ ನಿಂತಿದ್ದೆ ಅಂತಿದ್ರು. ಈಗ ಆ ವಿಡಿಯೋ ನೋಡಿ ನೋಡಿ, ಅಲ್ಲಾಡಿರಬೇಕು ಯಶೋಧಾ, ನನಗ ಕಂಡಿಲ್ಲ ಅಂತಾರ. ನೌಕರಿ ಹೋದ್ರ ಹೋಗ್ಲಿ, ನನ್ನ ಪಗಾರದಾಗ ಮನಿ ನಡೀತದ. ಆದ್ರ ತನ್ನ ಕಣ್ಣ ತಾನ ನಂಬದ ಮನುಷ್ಯಾನ್ನ ಹ್ಯಾಂಗ ನಡಸಲಿ?”

ಜಿಲಾನಿಸಾಬ್‌ರು ನಡುವೆ ಬಾಯಿ ಹಾಕಿದರು. “ತಪ್ಪು ನನ್ನ ಮಷೀನಿಂದು ತಂಗಿ. ರಬ್ಬರ್ ಬದಲಿ ಮಾಡಬೇಕಿತ್ತು. ಇವತ್ತು ನಾಳೆ ಅಂತ ಬಿಟ್ಟೆ.”

“ಅಷ್ಟ ಅಲ್ರೀ ಸಾಹೇಬ್ರ,” ಎಂದಳು ದಾನೇಶ್ವರಿ. “ನಂದೂ ಐತಿ.”

ಆಕೆ ಮೂಲ ಚಿತ್ರವನ್ನು ತೆರೆದಳು. ಕತ್ತರಿಸದ ಅಗಲ ಚಿತ್ರದಲ್ಲಿ ಕಂಬದ ಬಲಕ್ಕೆ ಊರಿನ ನೀರಿನ ಟ್ಯಾಂಕೂ ಇತ್ತು. ರೀಲಿಗೆಂದು ಉದ್ದಕ್ಕೆ ಕತ್ತರಿಸುವಾಗ ಅದು ಹೊರಗೆ ಉಳಿದಿತ್ತು. ದಾನೇಶ್ವರಿ ಚಿತ್ರ ನಿಲ್ಲಿಸಿ ಬೆರಳಿಟ್ಟು ತೋರಿಸಿದಳು.

“ನೋಡ್ರಿ ಅಕ್ಕಾರ. ಕ್ಯಾಮೆರಾ ಇಡೀ ಚಿತ್ರಾನ ಒಮ್ಮೆಲೇ ನೋಡಂಗಿಲ್ಲ. ನಮ್ಮಪ್ಪ ಪುರಾಣ ಓದಿದಂಗ, ಮ್ಯಾಲಿಂದ ಕೆಳಗ ಸಾಲು ಸಾಲು ಓದತೈತಿ. ಮ್ಯಾಲಿನ ಸಾಲು ಓದಿ ಕೆಳಗಿನ ಸಾಲಿಗೆ ಬರೋದ್ರಾಗ ಯಾರರೆ ಪುಸ್ತಕ ಅಲ್ಲಾಡಿಸಿದ್ರ? ಮ್ಯಾಲಿನ ಸಾಲು ಒಂದು ಕಡಿ, ಕೆಳಗಿನ ಸಾಲು ಒಂದು ಕಡಿ. ಅಕ್ಷರ ಸೊಟ್ಟ ಆಗಿಲ್ಲ, ಓದಿದ್ದು ಸೊಟ್ಟ ಆಗೈತಿ. ಇಲ್ಲಿ ನೋಡ್ರಿ, ಈ ಎತ್ತರಕ್ಕ ಕಂಬ ಎಷ್ಟು ಸರದೈತಿ, ಅದೇ ಎತ್ತರಕ್ಕ ಟ್ಯಾಂಕೂ ಅಷ್ಟ ಸರದೈತಿ.”

“ಟ್ಯಾಂಕ್ ಬಿದ್ದಿಲ್ಲಲ್ಲ,” ಯಶೋಧರಾ ಮೆಲ್ಲಗೆ ಅಂದಳು.

“ಅದೇ ಮತ್ತ.”

ಆದರೆ ರೀಲಿನಲ್ಲಿ ಕಂಬ ಅಷ್ಟೊಂದು ಬಳುಕಿದ್ದು ಬರೀ ಡ್ರೋನಿನಿಂದಲ್ಲ. ಸ್ಟೆಬಿಲೈಜರ್ ಚಿತ್ರದಲ್ಲಿ ದೊಡ್ಡದಾಗಿ ಕಂಡ ಜೀಪನ್ನು ಹಿಡಿದು ನಿಲ್ಲಿಸಿತ್ತು. ಅದನ್ನು ನಿಲ್ಲಿಸಲು ಹಿಂದಿನದನ್ನೆಲ್ಲ ಹಿಟ್ಟಿನಂತೆ ಎಳೆದು ಬಗ್ಗಿಸಿತ್ತು. ಮದುಮಕ್ಕಳ ನಡುಕವನ್ನು ತೆಗೆದು ಕಂಬಕ್ಕೆ ಹಚ್ಚಿದವಳು ತಾನೇ. ಇದನ್ನು ದಾನೇಶ್ವರಿ ಯಶೋಧರಾಳ ಮುಖ ನೋಡದೆ ಹೇಳಿದಳು. ಯಶೋಧರಾ ಪರದೆಯ ಮೇಲಿನ ಕಂಬವನ್ನು ಮತ್ತೊಮ್ಮೆ ನೋಡಿದಳು. ಆಮೇಲೆ, “ಸರಿ ಮಾಡಾಕ ಬರ್ತದೇನು?” ಎಂದಳು.

ದಾನೇಶ್ವರಿ ಸ್ಟೆಬಿಲೈಜರ್ ಕಿತ್ತುಹಾಕಿದಳು. ಕತ್ತರಿಸಿದ್ದನ್ನು, ನಿಧಾನ ಮಾಡಿದ್ದನ್ನು ಬಿಟ್ಟು, ಡ್ರೋನ್ ಬರೆದಿಟ್ಟ ಅಳತೆ, ವೇಗದಲ್ಲೇ ಮೂಲ ಚಿತ್ರವನ್ನಿಟ್ಟಳು. ಮೊದಲು ರೋಲಿಂಗ್ ಶಟರ್ ದುರಸ್ತಿ, ಎಂದರೆ ಸಾಲು ಸಾಲಾಗಿ ಓದಿದ್ದರ ಸೊಟ್ಟ ತಿದ್ದುವುದು, ನಂತರವೇ ಮಿಕ್ಕದ್ದು. ಈ ಕ್ರಮ ತಪ್ಪಿದರೆ ಯಾವ ಸಾಲು ಯಾವಾಗ ಓದಿದ್ದೆಂಬ ಲೆಕ್ಕವೇ ಕೆಡುತ್ತದೆ. ಸಾಲುಗಳ ನಡುವಿನ ಅಂತರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚುಕಡಿಮೆ ಮಾಡುತ್ತ, ಟ್ಯಾಂಕಿನ ಅಂಚು ನೆಟ್ಟಗಾಗುವವರೆಗೆ ನೋಡಿದಳು. ಕಂಬವನ್ನು ನೋಡಿ ಅಲ್ಲ, ಟ್ಯಾಂಕನ್ನು ನೋಡಿ. ಟ್ಯಾಂಕು ನೆಟ್ಟಗಾದಾಗ ಕಂಬವೂ ತಾನಾಗಿಯೇ ನೆಟ್ಟಗಾಯಿತು. ಸಣ್ಣ ಅದುರು ಮಾತ್ರ ಉಳಿಯಿತು. ಒಂದು ಚಿತ್ರ ಓದಿ ಮುಗಿಯುವುದರೊಳಗೇ ಹಲವು ಸಲ ನಡುಗಿದ್ದನ್ನು ಯಾವ ಔಷಧಿಯೂ ಪೂರ್ತಿ ತೆಗೆಯಲಾರದು. ಎಳೆದು ತೆಗೆದರೆ ಚಿತ್ರವೇ ಹರಿಯುತ್ತದೆ. ಅವಳು ಅದನ್ನು ಹಾಗೇ ಬಿಟ್ಟಳು.

ವಿಚಾರಣೆಯ ದಿನ ಲಿಂಗಸುಗೂರಿನ ಕಚೇರಿಗೆ ಲ್ಯಾಪ್‌ಟಾಪ್ ಹೊತ್ತು ಹೋದಳು. ಜಾಲಿಯ ಗಿಡದ ಕೆಳಗೆ ಯಶೋಧರಾಳ ಪಕ್ಕ ಲಕ್ಷ್ಮಣ ಕೂತಿದ್ದ. ರೀಲಿನಲ್ಲಿ ನಗುತ್ತಿದ್ದ ಮನುಷ್ಯನೇ ಇವನೆಂದು ಗುರುತು ಹಿಡಿಯಲು ಅವಳಿಗೆ ಹೊತ್ತು ಬೇಕಾಯಿತು. ನಮಸ್ಕಾರ ಮಾಡಿದರೆ ತಲೆಯಾಡಿಸಿದ, ಅಷ್ಟೆ.

ವಿಚಾರಣೆಯ ಸಾಹೇಬರು ಸಜ್ಜನರಂತೆ ಕಂಡರು. ಸರಿಪಡಿಸಿದ ಚಿತ್ರವನ್ನು ಪೂರ್ತಿ ನೋಡಿದರು.

“ಇದು ಎಡಿಟ್ ಮಾಡಿದ್ದಲ್ಲೇನಮ್ಮ?”

“ಹೌದ್ರೀ ಸರ್.”

“ಎಡಿಟ್ ಮಾಡದ್ದು ಎಲ್ಲಿ ಅದ?”

ಮೂಲ ಚಿತ್ರ ತೋರಿಸಿದಳು. ಅದರಲ್ಲೂ ಕಂಬ ನಡುಗುತ್ತಿತ್ತು, ರೀಲಿನಷ್ಟಲ್ಲದಿದ್ದರೂ. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಂದ್ರ ಮುಟ್ಟದೇ ಇರೋದು ಸುಳ್ಳು, ನೀ ತಿದ್ದಿದ್ದು ಖರೆ. ಹಿಂಗ ನಾ ಫೈಲಿನ್ಯಾಗ ಬರಿಲ್ಯಾ? ಮಂದಿ ನಗತಾರವ್ವ.”

ದಾನೇಶ್ವರಿ ಹುಟ್ಟಿದಾಗಿನಿಂದ ಕೇಳುವವಳಾಗಿದ್ದಳು, ಹೇಳುವವಳಲ್ಲ. ಆದರೂ ಎದ್ದು ಲ್ಯಾಪ್‌ಟಾಪನ್ನು ಸಾಹೇಬರ ಕಡೆ ತಿರುಗಿಸಿದಳು.

“ಸರ್, ನನ್ನ ತಿದ್ದಿದ್ದು ನಂಬಬ್ಯಾಡ್ರಿ. ಮುಟ್ಟದೇ ಇರೋದನ್ನ ನೋಡ್ರಿ. ನಿಮ್ಮ ಪಟ್ಟಿ ಕೊಡ್ರಿ.” ಅವರ ಅಳತೆಪಟ್ಟಿಯನ್ನು ಪರದೆಗೆ ಅಡ್ಡ ಹಿಡಿದಳು. “ಪಟ್ಟಿ ಮ್ಯಾಲ ಕಂಬ, ಟ್ಯಾಂಕು, ಗುಡಿ ಶಿಖರ, ಮೂರೂ ಬರ್ತಾವು. ಈಗ ಮುಂದಿನ ಚಿತ್ರ. ಮೂರೂ ಕೂಡೇ ಸರದ್ವು. ಮತ್ತ ಮುಂದಿಂದು. ಮೂರೂ ಕೂಡೇ. ಕಂಬ ಒಂದ ಅಲ್ಲಾಡಿದ್ರ ಕಂಬ ಒಂದ ಸರೀಬೇಕಿತ್ತು. ಊರೆಲ್ಲ ಅಲ್ಲಾಡಿತೇನ್ರಿ ಅವತ್ತು?”

ಸಾಹೇಬರು ತಾವೇ ಪಟ್ಟಿ ಹಿಡಿದು ಕೆಳಗೆ ಸರಿಸಿದರು, ಮೇಲೆ ಸರಿಸಿದರು. ಆಮೇಲೆ ಗುಮಾಸ್ತನಿಗೆ ಬರೆಸಿದರು: ವಿಡಿಯೋದಲ್ಲಿ ಕಾಣುವ ಚಲನೆ ಕ್ಯಾಮೆರಾದ್ದು, ಕಂಬದ್ದಲ್ಲ, ಸಾಕ್ಷಿಯಾಗಿ ಪರಿಗಣಿಸತಕ್ಕದ್ದಲ್ಲ. ಕಂಬ ಬಿದ್ದದ್ದು ಬುಡದ ತುಕ್ಕಿನಿಂದ ಎಂದು ಎಂಜಿನಿಯರರು ಮೊದಲೇ ಬರೆದುಕೊಟ್ಟಿದ್ದರು. ಗದ್ದೆಯ ನೀರು ನಿಂತು ನಿಂತು, ಮಣ್ಣಿನೊಳಗೆ ಕಬ್ಬಿಣ ಹಾಳೆಯಂತಾಗಿತ್ತು.

“ಮುಗೀತು,” ಎಂದು ಹೊರಬಂದ ಯಶೋಧರಾ ಗಂಡನಿಗೆ ಹೇಳಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. “ಮುಗೀತ್ರೀ. ಕೇಳಿದ್ರೇನು? ನಿಮ್ಮ ಕಣ್ಣು ಸುಳ್ಳಲ್ಲ.”

ಲಕ್ಷ್ಮಣ ದಾನೇಶ್ವರಿಯ ಕಡೆ ತಿರುಗಿದ. “ತಂಗಿ, ನನಗೊಮ್ಮಿ ತೋರಸ್ತಿ?”

ಗಿಡದ ನೆರಳಿನಲ್ಲಿ ಲ್ಯಾಪ್‌ಟಾಪ್ ತೆರೆದಳು. ಜೀಪು ಬಂತು, ಹೂವು ಬಂತು. ಕಂಬ ನೆಟ್ಟಗೆ ನಿಂತಿತ್ತು. ಬಳುಕು ಹೋದ ಚಿತ್ರದಲ್ಲಿ ಈಗ ಹಿಂದಿನ ಜನವೂ ಸ್ಪಷ್ಟವಾಗಿ ಕಾಣುತ್ತಿದ್ದರು. ಸೈಕಲ್ ಹಿಡಿದು, ಮೆರವಣಿಗೆಗೆ ದಾರಿ ಬಿಟ್ಟು, ಕಂಬಕ್ಕೆ ಒಂದು ಕೈ ಊರಿ ನಿಂತಿದ್ದ ಒಬ್ಬ ಮುದುಕನೂ ಕಂಡ. ರೀಲಿನ ಬಳುಕಿನಲ್ಲಿ ಅವನ ಮುಖ ಕರಗಿಹೋಗಿತ್ತು.

“ಹನುಮಂತರಾಯ ಕಾಕಾ,” ಎಂದ ಲಕ್ಷ್ಮಣ.

 ಚಿತ್ರ ಮುಗಿದು ನಿಂತಿತು.

“ಅವತ್ತು ನನಗ ಚಾಷ್ಟಿ ಮಾಡಿದ್ರು. ಏನಲೇ ಲಕ್ಷ್ಮಣ, ಹೊಸ ಅಂಗಿ ಹಾಕ್ಕೊಂಡೀದಿ, ಇವತ್ತು ಕಂಬಕ್ಕ ಕೈ ಹಚ್ಚಂಗಿಲ್ಲೇನು ಅಂತ.” ಲಕ್ಷ್ಮಣ ತನ್ನ ಅಂಗೈ ನೋಡಿಕೊಂಡ. “ನಮ್ಮ ಕೆಲಸದಾಗ ಒಂದು ರೂಢಿ ಐತಿ. ಯಾವ ಕಂಬದ ಬಾಜೂ ಹೋದ್ರೂ ಬುಡಕ್ಕ ತಂತಿ ಹಿಡಿಯೋ ಪಕ್ಕಡಲೇ ಬಡದು ಸಪ್ಪಳ ಕೇಳ್ತೀವಿ. ಗಟ್ಟಿ ಇದ್ದದ್ದು ಗಂಟಿ ಹಂಗ ಅಂತದ, ಒಳಗ ತಿಂದದ್ದು ಡಬ್ಬಿ ಹಂಗ. ಅವತ್ತು ಬಡೀಲಿಲ್ಲ. ಕೆಸರು ಅಂಗಿಗೆ ಸಿಡೀತದ ಅಂತ.”

“ಅದನ್ನ ಯಾರೂ ಕೇಳಿಲ್ಲಲ್ರೀ,” ಯಶೋಧರಾ ಗಾಬರಿಯಿಂದ ಅವನ ತೋಳು ಹಿಡಿದಳು.

“ಯಾರೂ ಕೇಳಿಲ್ಲ,” ಎಂದ. “ಅಲ್ಲಾಡಿತ್ತು ಅಂತ ಅನಕೊಂಡಾಗ ಒಂದು ಸಮಾಧಾನ ಇತ್ತು ಯಶೋಧಾ. ಕಣ್ಣು ತಪ್ಪಿತು ಅಂತ. ಈಗ ಕಣ್ಣು ತಪ್ಪಿಲ್ಲ.”

ದಾನೇಶ್ವರಿ ಲ್ಯಾಪ್‌ಟಾಪ್ ಮುಚ್ಚಿದಳು. ಏನಾದರೂ ಹೇಳಬೇಕೆನಿಸಿತು. ಅಪ್ಪ ಓದುವ ಪುರಾಣದಲ್ಲಿ ಇಂಥ ಹೊತ್ತಿಗೆ ಶರಣರು ಬಂದು ಒಂದು ಮಾತು ಹೇಳಿ ಬಿಡುತ್ತಾರೆ, ನೊಂದವರು ಎದ್ದು ಹೋಗುತ್ತಾರೆ. ಅವಳಿಗೆ ಆ ಮಾತು ಬರಲಿಲ್ಲ.

ಮೂವರೂ ಒಂದೇ ಬಸ್ಸಿಗೆ ಹತ್ತಿದರು. ಎದುರು ಸೀಟಿನವನೊಬ್ಬ ಫೋನಿನಲ್ಲಿ ಅದೇ ರೀಲು ಹಚ್ಚಿಕೊಂಡು ಕೂತಿದ್ದ. ದಾನೇಶ್ವರಿ ತನ್ನ ಕಡೆಯಿಂದ ಅದನ್ನು ಅಳಿಸಿ ಬಹಳ ದಿನವಾಗಿತ್ತು. ಹಾಡು ಕೇಳುತ್ತಲೇ ಯಶೋಧರಾ ಗಂಡನ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಕಿಟಕಿಯ ಹೊರಗೂ ಕಂಬಗಳೇ, ಗದ್ದೆಯ ನೀರಿನಲ್ಲಿ ಕಾಲಿಟ್ಟು, ಒಂದಾದ ಮೇಲೊಂದು, ನೆಟ್ಟಗೆ.

ಮಸ್ಕಿಯಲ್ಲಿ ಗಂಡ ಹೆಂಡತಿ ಇಳಿದರು. ಯಶೋಧರಾ ಕೈ ಮುಗಿದಳು. ಲಕ್ಷ್ಮಣ ಮನೆಯ ದಾರಿ ಹಿಡಿಯದೆ ಬಸ್ ನಿಲ್ದಾಣದ ಅಂಚಿನ ಕಂಬದ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತ. ಕೈಯಲ್ಲಿ ಪಕ್ಕಡ ಇರಲಿಲ್ಲ, ಅದನ್ನು ಅಮಾನತಿನ ದಿನವೇ ಕಚೇರಿಯಲ್ಲಿ ಇಟ್ಟುಬಂದಿದ್ದ. ಒಂದು ಕಲ್ಲು ತಗೊಂಡು ಬುಡಕ್ಕೆ ಬಡಿದ. ಕಿವಿ ಹಚ್ಚಿದ. ಮತ್ತೆ ಬಡಿದ.

ಬಸ್ಸು ಹೊರಟಿತು. ಎಂಜಿನ್ನಿನ ಗದ್ದಲದಲ್ಲಿ ಆ ಸಪ್ಪಳ ದಾನೇಶ್ವರಿಗೆ ಕೇಳಿಸಲಿಲ್ಲ.