ಗಾಜಿನ ಕೆಳಗೆ ಮಾಯವಾದ ಕೆಂಪು

ತಿಥಿಯೂಟದ ಪಾತ್ರೆಗಳು ಬಾಡಿಗೆ ಅಂಗಡಿಗೆ ವಾಪಸ್ಸು ಹೋದ ಮರುದಿನ, ಉರಿಗಾಂನ ಮನೆಗೆ ಎಂದಿನಂತೆ ಹಾಲು ಬಂತು, ನಲ್ಲಿಗೆ ನೀರು ಬಂತು. ಕಲ್ಪನ ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಸೋಸಿದಳು. ತೀರಿಕೊಂಡ ಗಂಡ ವೇಣುವಿನ ಪಾಲಿನದನ್ನು ಅವನ ತಂಗಿ ಮೀನಾ ಕುಡಿದಳು.

"ಅತ್ತಿಗೆ, ಅಣ್ಣ ನಿಮಗೆ ತಂದಿದ್ದ ಕ್ರೀಮ್ ಕೊಡಿ. ಸೋಮವಾರ ಅಂಗಡಿ ಕೆಲ್ಸಕ್ಕೆ ಸೇರ್ಬೇಕು. ಇವತ್ತಿಂದ ಎರಡೊತ್ತು ಅಚ್ತೀನಿ."

ಮೊಡವೆ ಹೋದ ಜಾಗಗಳಲ್ಲಿ ಮೀನಾಳ ಬೆಳ್ಳನೆಯ ಕೆನ್ನೆ ಕೆಂಪಾಗಿತ್ತು. ಅಂಚಿನಲ್ಲಿ ಸಿಪ್ಪೆ ಏಳುತ್ತಿತ್ತು.

"ಈಗಾಗಲೇ ಹಚ್ತಿದ್ದೀಯಾ?"

"ಒಂದು ತಿಂಗಳಿಂದ ಒಸಿ ಒಸಿ. ನಿಮ್ಮ ಕಪ್ಪು ಕಲೇನೇ ಓಯ್ತು. ಬೆಳ್ಳಗಿರೋಳಿಗೆ ಇನ್ನೂ ಬೇಗ ಓಗ್ಬೇಕಲ್ವಾ?"

ಆ ಟ್ಯೂಬಿನ ಮೇಲೆ ವೇಣುವಿನ ಹೆಬ್ಬೆರಳು ಒತ್ತಿದ ಗುಳಿ ಇನ್ನೂ ಹಾಗೇ ಇತ್ತು. ಕಲ್ಪನ ಅದನ್ನು ಕೊಡಲಿಲ್ಲ.

"ಅಷ್ಟಕ್ಕೂ ಜಿಪುಣತನಾನಾ?" ಎಂದಳು ಮೀನಾ.

ವೇಣು ಬಂಗಾರಪೇಟೆಯ ಚರ್ಮದ ಡಾಕ್ಟರ ಬಳಿ ಕಾಂಪೌಂಡರ್ ಆಗಿದ್ದ. ಒಂದು ಭಾನುವಾರ ಬೇತಮಂಗಲದ ಕೆರೆ ಏರಿಯ ಮೇಲೆ ಕೂತು, ಕ್ಲಿನಿಕ್ಕಿನಿಂದ ತಂದಿದ್ದ ಗಾಜಿನ ಪಟ್ಟಿಯನ್ನು ಕಲ್ಪನಳ ಕೆನ್ನೆಯ ಕಲೆಗೆ ಒತ್ತಿದ್ದ. "ಒತ್ತಿದರೂ ಕಂದು ಹಾಗೇ ಇದೆ ನೋಡು. ಇದು ಬಣ್ಣ ಕಣೇ, ಚರ್ಮದೊಳಗೆ ಕೂತಿದೆ," ಎಂದು ನಕ್ಕಿದ್ದ. ಆಮೇಲೆ ಗಾಜನ್ನು ತನ್ನ ಮೂಗಿಗೂ ಒತ್ತಿಕೊಂಡು ಅವಳನ್ನು ನಗಿಸಿದ್ದ. ಕೆರೆಯ ಗಾಳಿಗೆ ಅವನ ಶರ್ಟು ಉಬ್ಬಿದ್ದೂ ಈಗ ನೆನಪಾಯಿತು.

ಕಲ್ಪನ ಅವನ ಚೀಲದಿಂದ ಆ ಗಾಜು ತೆಗೆದು ಮೀನಾಳ ಕೆನ್ನೆಗೆ ಮೆಲ್ಲಗೆ ಒತ್ತಿ, ಕನ್ನಡಿ ಹಿಡಿದಳು. ಕೆಂಪು ಮಾಯವಾಗಿ ಚರ್ಮ ಬಿಳಿಚಿಕೊಂಡಿತು. ಗಾಜು ಎತ್ತಿದಳು, ಕೆಂಪು ಮತ್ತೆ ತುಂಬಿಕೊಂಡಿತು.

"ಇದೇನತ್ತಿಗೆ?"

"ನಿನ್ನದು ಬಣ್ಣ ಅಲ್ಲ, ರಕ್ತ. ಮೊಡವೆ ಉರಿದ ಜಾಗದಲ್ಲಿ ಸಣ್ಣ ರಕ್ತನಾಳಗಳು ಹಿಗ್ಗಿಯೇ ಉಳಿದಿವೆ. ಒತ್ತಿದರೆ ರಕ್ತ ಸರಿಯುತ್ತೆ. ನನ್ನ ಕ್ರೀಮು ಬಣ್ಣ ಕಡಿಮೆ ಮಾಡೋದು. ನಿನಗೆ ಬರೀ ಉರಿ ತಂದಿದೆ."

ಮೀನಾ ಕೆನ್ನೆ ಮುಟ್ಟಿಕೊಂಡಳು. "ಅಣ್ಣ ಇದ್ದಿದ್ರೆ ಬಯ್ದಿರೋನು."

"ಬಯ್ದು ರೈಲು ಹತ್ತಿಸಿರೋನು. ಬಾ."

ಬಂಗಾರಪೇಟೆಯ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ನೋಡಿ, ಆ ಕ್ರೀಮ್ ನಿಲ್ಲಿಸಿ, ಉರಿ ಆರುವವರೆಗೆ ಬರಿಯ ಚರ್ಮದ ತೇವ ಕಾಯುವ ಕ್ರೀಮು, ಬಿಸಿಲಿಗೆ ಸನ್‌ಸ್ಕ್ರೀನ್ ಎಂದರು. "ಮೊಡವೆ ಕಿವುಚಬೇಡ. ಕೆಂಪು ತಾನಾಗಿ ಇಳಿಯೋಕೆ ತಿಂಗಳುಗಳೇ ಬೇಕು. ಆಗಲೂ ಉಳಿದರೆ ನಾಳಗಳಿಗೆ ಲೇಸರ್ ಇದೆ. ಸೋಮವಾರದೊಳಗೆ ಏನೂ ಆಗಲ್ಲಮ್ಮ, ಹೀಗೇ ಹೋಗು."

"ಓಗ್ತೀನಿ ಬಿಡಿ," ಎಂದಳು ಮೀನಾ.

ಎದ್ದು ನಿಂತ ಕಲ್ಪನ ಗಾಜನ್ನು ಸೆರಗಿನಲ್ಲಿ ಒರೆಸಿ ಮೇಜಿನ ಮೇಲಿಟ್ಟಳು. "ನಿಮ್ಮದೇ, ಡಾಕ್ಟ್ರೇ. ಅವರು ತಂದಿದ್ದರು."

"ಕಳೆದೋಯ್ತು ಅಂತ ನನ್ನ ಜೊತೆ ಅವನೂ ಹುಡುಕಿದ್ದ," ಎಂದರು ಡಾಕ್ಟರಮ್ಮ.