ಆರು ಮೂಲೆಯ ಚಿತ್ರಕ್ಕೆ ಸೊನ್ನೆ

ಸೊನ್ನೆಯನ್ನು ಅಷ್ಟು ಗುಂಡಗೆ ಬರೆದೆನಲ್ಲ ಎಂಬುದೇ ಅವಳಿಗೆ ಹೇಸಿಗೆ. ಗೆರೆಯಾದರೂ ಸೊಟ್ಟಗಾಗಬಾರದಿತ್ತೇ? ಇದನ್ನು ರಾತ್ರಿ ಡೈರಿಯಲ್ಲಿ ಬರೆಯುವುದೋ ಬಿಡುವುದೋ ಎಂದು ಬೆಳಗಿನಿಂದ ಒಳಗೊಳಗೇ ಗುದ್ದಾಡುತ್ತಿದ್ದಳು. ಬಿಟ್ಟರೆ ಡೈರಿಗೂ ಸುಳ್ಳು ಹೇಳಿದ ಹಾಗೆ.

ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಎರಡು ವರ್ಷ. ಕಾಲೇಜೊಂದರಲ್ಲಿ ಗುತ್ತಿಗೆಯ ಉಪನ್ಯಾಸಕಿ. ವಿಶ್ವವಿದ್ಯಾಲಯದ ಉತ್ತರಪತ್ರಿಕೆ ತಿದ್ದಲು ಬಂದದ್ದು ಇದೇ ಮೊದಲು. ಉದ್ದನೆಯ ಹಾಲ್‌ನಲ್ಲಿ ಮೇಜಿಗೆ ಇಬ್ಬರಂತೆ ಕೂತಿದ್ದರು. ಮುಖ್ಯ ಪರೀಕ್ಷಕರನ್ನು ಎಲ್ಲರೂ ಬೆನ್ನ ಹಿಂದೆ ಕರೆಯುತ್ತಿದ್ದುದು ಗೈಡ್ ಮೇಷ್ಟ್ರು ಎಂದು. ಹುಡುಗರು ಉರುಹೊಡೆಯುವ ಗೈಡ್ ಅವರದೇ, ಅಂಕ ಹಾಕಲು ಕೊಟ್ಟ ಮಾದರಿ ಉತ್ತರವೂ ಅದರಿಂದಲೇ ಇಳಿಸಿದ್ದು. ಹೆಬ್ಬೆರಳನ್ನು ನಾಲಗೆಗೊತ್ತಿ ಪುಟ ತಿರುವುತ್ತಾ ಅವರು ಮೇಜಿಂದ ಮೇಜಿಗೆ ಓಡಾಡುತ್ತಿದ್ದರು. ಪುಟದ ಮೂಲೆಯಲ್ಲಿ ತೇವ ಉಳಿಯುತ್ತಿತ್ತು. ಅವಳು ಆ ಮೂಲೆ ಬಿಟ್ಟು ಹಿಡಿಯುತ್ತಿದ್ದಳು.

ಪ್ರಶ್ನೆ ಐದು ಅಂಕದ್ದು: ಕೇಂದ್ರದಲ್ಲಿ ಏಕಾಂಶವಲ್ಲದೆ ಬೇರೆಯದೂ ಇರುವ ಪ್ರತಿ ಸಾಂತ (ಅಂಶಗಳನ್ನು ಎಣಿಸಿ ಮುಗಿಸಬಹುದಾದ) ಗುಂಪೂ ನಿಲ್ಪೊಟೆಂಟ್, ಸರಿಯೋ ತಪ್ಪೋ, ಕಾರಣ ಕೊಡಿ. ಮಾದರಿ ಉತ್ತರ ಸರಿ ಎನ್ನುತ್ತಿತ್ತು. ಇಡೀ ಕಟ್ಟಿನಲ್ಲಿ ಒಂದೇ ಒಂದು ಪತ್ರಿಕೆ ತಪ್ಪು ಎಂದಿತ್ತು, ಪಕ್ಕದಲ್ಲಿ ಒಂದು ಷಟ್ಕೋನ ಬರೆದು.

ಬರೆದವರು ಯಾರೋ, ವಿಷಯವನ್ನು ಬಿಡಿಸಿಟ್ಟಿದ್ದರು. ಗುಂಪಿನ ಯಾವ ಅಂಶದೊಡನೆ ಕ್ರಮ ಅದಲುಬದಲಾದರೂ ಒಂದೇ ಫಲ ಕೊಡುವ ಅಂಶಗಳು ಸೇರಿ ಕೇಂದ್ರ. ಅದನ್ನು ಒಂದೇ ಅಂಶವಾಗಿ ಕುಗ್ಗಿಸಿ, ಉಳಿದ ಗುಂಪಿನಲ್ಲಿ ಮತ್ತೆ ಕೇಂದ್ರ ಹುಡುಕಬೇಕು. ಅಲ್ಲಿ ಸಿಕ್ಕವುಗಳ ಮೂಲ ಅಂಶಗಳೆಲ್ಲ ಸೇರಿದರೆ ಎರಡನೆಯ ಮೆಟ್ಟಿಲು. ಹೀಗೆ ಹತ್ತುತ್ತಾ ಇಡೀ ಗುಂಪನ್ನು ಮುಟ್ಟಿದರೆ ಅದು ನಿಲ್ಪೊಟೆಂಟ್. ಷಟ್ಕೋನವನ್ನು ತಿರುಗಿಸಿ ಮಗುಚಿ ಮೊದಲಿನಂತೆಯೇ ಕೂರಿಸುವ ಹನ್ನೆರಡು ಸಮಮಿತಿಗಳಲ್ಲಿ ಕೇಂದ್ರಕ್ಕೆ ಸೇರುವುದು ಎರಡು: ಏನೂ ಮಾಡದಿರುವುದು, ಅರ್ಧ ಸುತ್ತು ತಿರುಗಿಸುವುದು. ಕುಗ್ಗಿಸಿದರೆ ಉಳಿಯುವುದು ತ್ರಿಕೋನದ ಆರು ಸಮಮಿತಿಗಳು. ಅಲ್ಲಿ ಕೇಂದ್ರ ಏನೂ ಮಾಡದ ಏಕಾಂಶವೊಂದೇ. ಮೆಟ್ಟಿಲು ಮುಗಿಯಿತು, ಮಾಳಿಗೆ ಸಿಗಲಿಲ್ಲ.

ಕೊನೆಗೆ ಇನ್ನೂ ಕೆಲವು ಸಾಲು. ಅಂಶಗಳ ಸಂಖ್ಯೆ ಅವಿಭಾಜ್ಯ p ಯ ಘಾತವಾಗಿದ್ದರೆ ಈ ಭಯವಿಲ್ಲ. ಸಂಯುಗ್ಮಿ ವರ್ಗಗಳ, ಎಂದರೆ ಗುಂಪಿನೊಳಗೇ ಒಂದರಿಂದೊಂದಕ್ಕೆ ತಿರುಗಿಸಬಹುದಾದ ಅಂಶಗಳ ಕೂಟಗಳ, ಗಾತ್ರವೂ p ಯ ಘಾತವೇ. ಒಂದೇ ಅಂಶವಿರುವ ಒಂಟಿ ವರ್ಗಗಳೇ ಕೇಂದ್ರ. ಮಿಕ್ಕವನ್ನೆಲ್ಲ p ಭಾಗಿಸುತ್ತದೆ, ಮೊತ್ತವನ್ನೂ ಭಾಗಿಸುತ್ತದೆ, ಆದ್ದರಿಂದ ಒಂಟಿಗಳ ಎಣಿಕೆಯನ್ನೂ ಭಾಗಿಸಲೇಬೇಕು. ಏಕಾಂಶ ಇದ್ದೇ ಇದೆ, ಹಾಗಾಗಿ ಕನಿಷ್ಠ p ಇವೆ. ಕುಗ್ಗಿಸಿ ಉಳಿದದ್ದರ ಗಾತ್ರವೂ p ಯ ಘಾತವಾದ್ದರಿಂದ ಇದೇ ಮಾತು ಪ್ರತಿ ಮೆಟ್ಟಿಲಿಗೂ ನಡೆಯುತ್ತದೆ. ಗೈಡ್ ನುಂಗಿಹಾಕಿದ್ದು ಈ p ಯ ಷರತ್ತೊಂದನ್ನೇ.

ಅದನ್ನು ಎರಡು ಸಲ ಓದಿ, ಖುಷಿಪಟ್ಟು, ಸೊನ್ನೆ ಹಾಕಿದ್ದಳು.

ಚಹಾದ ಹೊತ್ತಿಗೆ ಪಕ್ಕದಲ್ಲಿದ್ದ ಹಿರಿಯ ಉಪನ್ಯಾಸಕಿಯನ್ನು, ಮಾದರಿ ಉತ್ತರವೇ ತಪ್ಪಲ್ಲವೇ ಎಂದು ಮೆಲ್ಲಗೆ ಕೇಳಿದಳು. ಎಲ್ಲರಿಗೂ ಅಕ್ಕ ಆಗಿದ್ದ ಆಕೆ ಬಿಸ್ಕತ್ತನ್ನು ಲೋಟದಲ್ಲಿ ಅದ್ದಿ, ತನಗೆ ನಿನ್ನೆಯೇ ಗೊತ್ತಾಗಿತ್ತೆಂದರು. ಆಚೆ ಮೇಜಿನವರಿಗೂ ಗೊತ್ತಂತೆ. "ನೀನೊಬ್ಳೇ ಲೆಕ್ಕ ಕಲ್ತವಳು ಅನ್ಕೋಬೇಡ ತಾಯಿ. ಕಟ್ಟು ಮುಗ್ಸು, ಮನೆಗೆ ಹೋಗು." ನೆನೆದ ಬಿಸ್ಕತ್ತು ಮುರಿದು ಲೋಟದ ತಳ ಸೇರಿತು. ಅಕ್ಕ ಅದನ್ನು ಬೆರಳಲ್ಲೇ ಬಳಿದು ತಿಂದರು. ಅವಳು ತನ್ನ ಲೋಟವನ್ನು ಹಾಗೇ ಪಕ್ಕಕ್ಕಿಟ್ಟಳು. ಯಾರಿಗೂ ಗೊತ್ತಿಲ್ಲ ಎಂದುಕೊಂಡಾಗ ಇಷ್ಟು ಹೇಸಿಗೆ ಆಗಿರಲಿಲ್ಲ.

ಮಧ್ಯಾಹ್ನ ಗೈಡ್ ಮೇಷ್ಟ್ರು ಪಾಸಿನ ಅಂಚಿನ ಪತ್ರಿಕೆಗಳನ್ನು ಮರುನೋಟಕ್ಕೆ ತರಿಸಿಕೊಂಡರು. ಷಟ್ಕೋನದ್ದೂ ಅದರಲ್ಲಿತ್ತು: ಮೂವತ್ತೇಳು, ಪಾಸಿಗೆ ನಲವತ್ತು. ಅವರು ಅದನ್ನು ಎತ್ತಿ ಹಿಡಿದು, ಕೇಳಿದ್ದಕ್ಕೆ ಉತ್ತರ ಬರೆಯದೆ ರಂಗೋಲಿ ಹಾಕಿದ್ದಾನೆ ಎಂದರು. ಹಾಲ್ ನಕ್ಕಿತು. ಅಕ್ಕನೂ ನಕ್ಕರು. ಅವಳ ತುಟಿಯೂ ತಾನಾಗಿ ಅರಳಿತ್ತು; ಗೊತ್ತಾದೊಡನೆ ಬಾಯಿ ಒರೆಸಿಕೊಂಡಳು.

ಅವರು ಅವಳ ಮೇಜಿಗೆ ಬಂದು ಬಾಗಿ ದನಿ ತಗ್ಗಿಸಿದರು.

"ಗಟ್ಟಿಗಿತ್ತಿ ಕಣಮ್ಮ ನೀನು. ಇವನು ಬರ್ದಿರೋದು ಸರಿನೇ, ನಂಗೂ ಗೊತ್ತು. ಆದ್ರೆ ಇವನಿಗೆ ಕೊಟ್ರೆ ಮಿಕ್ಕ ಸಾವ್ರ ಪತ್ರಿಕೆ ಮತ್ತೆ ತಿದ್ಬೇಕಲ್ಲ. ಮುಂದಿನ ವರ್ಷದ ಗುತ್ತಿಗೆ ಪಟ್ಟೀಲಿ ನಿನ್ನ ಹೆಸ್ರು ನಾನೇ ಸೇರಿಸ್ತೀನಿ. ಈ ಸೊನ್ನೆ ಪಕ್ಕ ಹಾಕು ಸೈನು."

ಪತ್ರಿಕೆಯನ್ನು ಮುಂದೆ ತಳ್ಳಿ ಪೆನ್ನು ಕೊಟ್ಟರು. ಪೆನ್ನಿಗೆ ಅವರ ಬೆವರು ಅಂಟಿತ್ತು. ಅವಳು ಅದನ್ನು ಮೇಜಿನ ಮೇಲಿಟ್ಟು ಎದ್ದು ನಿಂತಳು. ಕುರ್ಚಿ ಕಿರ್ರೆಂದು ಹಿಂದೆ ಸರಿಯಿತು; ತಲೆಗಳು ತಿರುಗಿದವು. ಎರಡು ವರ್ಷದಲ್ಲಿ ತರಗತಿಯ ಹೊರಗೆ ಅವಳ ದನಿ ಇಷ್ಟು ದೊಡ್ಡದಾಗಿ ಯಾರೂ ಕೇಳಿರಲಿಲ್ಲ.

"ಸರ್, ಆ ಸೊನ್ನೆ ನಾನು ಗೊತ್ತಿದ್ದೂ ಹಾಕಿದ್ದು. ಉತ್ತರ ಸರಿ ಇದೆ."