ಜನರಲ್ ಶಿಫ್ಟಿನ ಹುಡುಗಿ

ದೇವನಹಳ್ಳಿಯಲ್ಲಿ ಈಗ ಬಾಡಿಗೆ ಮನೆ ಹುಡುಕುವುದೆಂದರೆ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಕಷ್ಟ. ಅಲ್ಲಾದರೆ ಹೆಣ್ಣು ಒಬ್ಬಳೇ ಕೂರುತ್ತಾಳೆ. ಇಲ್ಲಿ, ಆ ಭಾನುವಾರ ಬೆಳಿಗ್ಗೆ, ಮುನಿತಾಯಮ್ಮನವರ ಮಹಡಿ ಮೆಟ್ಟಿಲ ಮೇಲೆ ಏಳು ಜನ ಕೂತಿದ್ದರು. ಎಲ್ಲರ ತೊಡೆಯ ಮೇಲೂ ಒಂದೊಂದು ಫೈಲು: ಆಧಾರ್, ಕಂಪನಿಯ ಐಡಿ ಕಾರ್ಡು, ಮೂರು ತಿಂಗಳ ಪೇ ಸ್ಲಿಪ್ಪು. ಏಳನೆಯವಳು ಶಾಝಿಯಾ.

ಅವಳಿಗೆ ಈ ಮನೆ ಬೇಕೇ ಬೇಕಿತ್ತು. ಪೀಜಿಯವರು ತಿಂಗಳ ಕೊನೆಗೆ ಖಾಲಿ ಮಾಡಿ ಎಂದಿದ್ದರು. ಹೊಸಕೋಟೆಯಲ್ಲಿ ಅಮ್ಮ ಜಾಹಿದಾ ಹೊಲಿಗೆ ಮಿಷನ್ನನ್ನೂ ಕಟ್ಟಿಟ್ಟುಕೊಂಡು ಕಾಯುತ್ತಿದ್ದಳು. ಹೆಸರು ಕೇಳಿ ಮೂರು ಮನೆಯವರು, ನೈಟ್ ಶಿಫ್ಟ್ ಎಂದು ಕೇಳಿ ನಾಲ್ಕು ಮನೆಯವರು ‘ಆಮೇಲೆ ಫೋನ್ ಮಾಡ್ತೀವಿ’ ಎಂದಿದ್ದರು. ಒಬ್ಬರದ್ದೂ ಫೋನ್ ಬಂದಿರಲಿಲ್ಲ. ಹೆಸರನ್ನಂತೂ ಬದಲಿಸಲಾಗದು, ಶಿಫ್ಟನ್ನು ಬದಲಿಸೋಣ ಎಂಬುದು ಬ್ರೋಕರ್ ಮುರಳಿಯ ಉಪಾಯ.

“ನೋಡಿ ಮೇಡಂ, ಏರ್‌ಪೋರ್ಟಲ್ಲಿ ಆಪರೇಷನ್ಸ್ ಎಕ್ಸಿಕ್ಯೂಟಿವ್, ಜನರಲ್ ಶಿಫ್ಟು, ಒಂದನೇ ತಾರೀಕು ಸಂಬಳ, ಅಮ್ಮ ಜೊತೆಗಿರ್ತಾರೆ. ಇಷ್ಟು ಹೇಳಿ ಸುಮ್ನಾಗ್ಬಿಡಿ. ಜಾಸ್ತಿ ಮಾತಾಡಿದ್ರೆ ಮನೆ ಹೋಯ್ತು ಅಂತ್ಲೇ ತಿಳ್ಕೊಳ್ಳಿ.”

ಮನೆಯೊಡತಿ ಮುನಿತಾಯಮ್ಮಜ್ಜಿ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಾ ಒಬ್ಬೊಬ್ಬರನ್ನೇ ಕರೆದು ಕೇಳಿದರು. ಮೊದಲನೆಯವ ಎಕ್ಸಿಕ್ಯೂಟಿವ್. ಎರಡನೆಯವಳು ಸೀನಿಯರ್ ಎಕ್ಸಿಕ್ಯೂಟಿವ್. ಆರೂ ಮಂದಿ ಅದೇ ರಾಗ ಹಾಡಿ ಹೋದರು. ಶಾಝಿಯಾಳ ಸರದಿ ಬಂತು. ಅವಳೂ ಬಾಯಿಪಾಠ ಒಪ್ಪಿಸಿದಳು.

ಅಜ್ಜಿ ಸಿಪ್ಪೆಯನ್ನು ಪಕ್ಕಕ್ಕೆಸೆದರು. “ಇದೇನಮ್ಮಾ, ಎಲ್ರೂ ಅದೇ ಅಂತೀರ! ಬೆಳಿಗ್ಗೆ ಹೋದ್ರೆ ಈ ಕೈಯಲ್ಲಿ ಏನ್ ಕೆಲ್ಸ ಮಾಡ್ತೀಯ, ಅದ್ನ ಹೇಳು.”

ಮುರಳಿ ಕಣ್ಣಲ್ಲೇ ‘ಬೇಡ’ ಎಂದ. ಆದರೆ ಆ ಕೆಲಸದ ಬಗ್ಗೆ ಇದುವರೆಗೆ ಒಬ್ಬರೂ ಕೇಳಿರಲಿಲ್ಲ. ಶಾಝಿಯಾಳಿಗೆ ತಡೆಯಲಾಗಲಿಲ್ಲ.

“ವಿಮಾನ ಇಳಿದ್ಮೇಲೆ ಎಲ್ಲಿ ನಿಲ್ಬೇಕು ಅಂತ ತೋರಿಸ್ತೀನಿ, ಅಜ್ಜಿ. ಪೈಲಟ್‌ಗೆ ತನ್ನ ಚಕ್ರ ಕಾಣಲ್ಲ. ನಾನು ಎದುರಿಗೆ ನಿಂತ್ಕೋತೀನಿ, ಅವ್ರು ನನ್ನ ಕೈ ನೋಡ್ಕೊಂಡು ಬರ್ತಾರೆ.”

ಅವಳು ಫೈಲನ್ನು ಕೆಳಗಿಟ್ಟು ಅಂಗಳದ ಮಧ್ಯೆ ನಿಂತಳು. ಎರಡೂ ಕೈ ಮೇಲೆತ್ತಿದಳು. ಮೊಣಕೈ ಮಡಚಿ, ಮುಂಗೈಗಳನ್ನು ತನ್ನತ್ತ ಎಳೆದುಕೊಳ್ಳುತ್ತಾ, “ಹಿಂಗಂದ್ರೆ ಮುಂದೆ ಬಾ” ಎಂದಳು. ಆಮೇಲೆ ಕೈಗಳನ್ನು ನಿಧಾನವಾಗಿ ತಲೆಯ ಮೇಲೆ ಅಡ್ಡ ಹಾಕಿದಳು. “ಹಿಂಗಂದ್ರೆ ನಿಲ್ಲು.”

“ನಿಲ್ಲುತ್ತಾ?”

“ನಿಲ್ಲುತ್ತೆ.”

ಮುನಿತಾಯಮ್ಮ ಬಾಯಿ ತೆರೆದು ಕೂತರು. ಅವರೆಕಾಯಿ ಕೈಯಲ್ಲೇ ಉಳಿಯಿತು. “ಅಷ್ಟು ದೊಡ್ಡದು! ಮೇಲೆ ಹೋದ್ರೆ ನಮ್ಮನೆ ಪಾತ್ರೆ ಎಲ್ಲಾ ಗಡಗಡ ಅನ್ನುತ್ತೆ. ಅದು ನಿನ್ನ ಮಾತು ಕೇಳುತ್ತಾ?”

ಆ ಪ್ರಶ್ನೆ ಕೇಳಿ ಶಾಝಿಯಾಳಿಗೂ ಮೈ ಜುಮ್ಮೆಂದಿತು. ಮೊದಲ ದಿನ ಹಾಗೆಯೇ ಆಗಿತ್ತು. ಮೂರಾಳೆತ್ತರದ ಮೂತಿ ತನ್ನತ್ತಲೇ ಬರುತ್ತಿದ್ದಾಗ ಓಡಿಹೋಗಬೇಕೆನಿಸಿತ್ತು, ಕೈ ಅಡ್ಡ ಹಾಕಿದ ಕೂಡಲೇ ಅದು ಸಾಧು ಹಸುವಿನಂತೆ ನಿಂತುಬಿಟ್ಟಿತ್ತು. ದಿನಾ ಮಾಡಿ ಮಾಡಿ ಆ ಬೆರಗು ಮರೆತೇ ಹೋಗಿತ್ತು. ‘ಎಕ್ಸಿಕ್ಯೂಟಿವ್’ ಎಂದು ಹೇಳುತ್ತಾ ಅದನ್ನು ತಾನೇ ಮುಚ್ಚಿಟ್ಟಿದ್ದಳು.

“ರಾತ್ರಿ ಎರಡಕ್ಕೆ ಒಂದು ಬರುತ್ತಲ್ಲ,” ಅಜ್ಜಿ ಕೇಳಿದರು, “ಅದ್ನ ಯಾರು ನಿಲ್ಲಿಸ್ತಾರೆ?”

ಮುರಳಿ ಕೆಮ್ಮಿದ. ಶಾಝಿಯಾಳ ಬಾಯಿಗೆ ಈ ಮುಖದ ಮುಂದೆ ಸುಳ್ಳು ಬರಲಿಲ್ಲ.

“ನಾನೇ ನಿಲ್ಲಿಸ್ತೀನಿ, ಅಜ್ಜಿ. ಜನರಲ್ ಶಿಫ್ಟ್ ಅಂದಿದ್ದು ಸುಳ್ಳು. ತಿಂಗಳಲ್ಲಿ ಹತ್ತು ದಿನ ರಾತ್ರಿ ಕೆಲ್ಸ. ಆಗ ಕೈಯಲ್ಲಿ ದೀಪದ ಕಡ್ಡಿ ಇರುತ್ತೆ.”

ಅಜ್ಜಿ ಮೊರವನ್ನು ಕೆಳಗಿಟ್ಟು, ಸೀದಾ ಒಳಗೆ ಹೋಗಿಬಿಟ್ಟರು.

“ಹಾಳ್ಮಾಡ್ಬಿಟ್ರಲ್ಲ ಮೇಡಂ!” ಮುರಳಿ ತಲೆ ಚಚ್ಚಿಕೊಂಡ.

ಶಾಝಿಯಾ ಫೈಲನ್ನೆತ್ತಿಕೊಂಡು ಗೇಟು ದಾಟಿದಳು. ಅಮ್ಮನಿಗೆ ಏನು ಹೇಳುವುದು? ಮಿಷನ್ ಬಿಚ್ಚಿಡು ಅನ್ನುವುದೇ? ಆದರೂ ಹೇಳಿದ್ದಕ್ಕೆ ನಾಚಿಕೆ ಇರಲಿಲ್ಲ. ರಸ್ತೆಯ ತಿರುವಿಗೆ ಬಂದಿದ್ದಳು, ಹಿಂದಿನಿಂದ ಮುರಳಿ, “ಮೇಡಂ, ಮೇಡಂ! ಇಲ್ನೋಡಿ!” ಎಂದು ಕೂಗಿದ.

ತಿರುಗಿದಳು. ಗೇಟಿನ ಮುಂದೆ, ರಸ್ತೆಯ ನಟ್ಟನಡುವೆ ಮುನಿತಾಯಮ್ಮ ನಿಂತಿದ್ದರು. ಎರಡೂ ಕೈ ಮೇಲೆತ್ತಿ, ಮೊಣಕೈ ಮಡಚಿ, ಮುಂಗೈಗಳನ್ನು ತಮ್ಮತ್ತ ಎಳೆದುಕೊಳ್ಳುತ್ತಿದ್ದರು. ಬಲಗೈಯಲ್ಲಿ ಬೀಗದ ಕೈ ಗೊಂಚಲು ತೂಗುತ್ತಿತ್ತು.

ಶಾಝಿಯಾ ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಬಂದಳು. ಕಣ್ಣು ಮಂಜಾಗಿ ದಾರಿ ಸರಿಯಾಗಿ ಕಾಣುತ್ತಿರಲಿಲ್ಲ, ಆ ಕೈಗಳನ್ನೇ ನೋಡಿಕೊಂಡು ಬಂದಳು.

“ಆ ಎರಡು ಗಂಟೆದು ಬಂದಾಗೆಲ್ಲ, ಎಲ್ಲಿ ಬೀಳುತ್ತೋ ಅಂತ ಎದ್ದು ಕೂತ್ಕೋತಿದ್ದೆ ಕಣಮ್ಮಾ,” ಎಂದರು ಅಜ್ಜಿ. “ಅಲ್ಲೊಬ್ಳು ಹುಡುಗಿ ಕಾಯ್ತಾ ನಿಂತಿರ್ತಾಳೆ ಅಂತ ನಂಗೇನು ಗೊತ್ತು! ಗೇಟಿಂದು ಎರಡನೇ ಬೀಗದ ಕೈ ಎಲ್ಲೋ ಸೇರ್ಕೊಂಡಿತ್ತು, ಹುಡುಕ್ದೆ. ರಾತ್ರಿ ಬರೋಳಿಗೆ ಬೇಕಲ್ಲ.”

ಇನ್ನೊಂದೇ ಹೆಜ್ಜೆ ಉಳಿದಿತ್ತು. ಮುನಿತಾಯಮ್ಮ ಕೈಗಳನ್ನು ನಿಧಾನವಾಗಿ ತಲೆಯ ಮೇಲೆ ಅಡ್ಡ ಹಾಕಿದರು.

ಶಾಝಿಯಾ ನಿಂತಳು.